ಮಗ್ಗುಲಾದರೆ ಕಾಡುವ ಹೊರಸೊಂಟದ ನೋವು: ಬರ್ಸಾ ಊದಿದೆಯೋ, ಟೆಂಡನ್ ಬಳಲಿದೆಯೋ?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಬಲ ಮಗ್ಗುಲಿಗೆ ಮಲಗಿದರೆ ಬಲಗಡೆ ನೋವು. ಸರಿ, ಎಡಕ್ಕೆ ಹೊರಳೋಣ ಎಂದರೆ ಸ್ವಲ್ಪ ಹೊತ್ತಿಗೆ ಮೇಲೆ ಇರುವ ಆ ಬಲಗಡೆಯೇ ಮತ್ತೆ ನೋಯತೊಡಗುತ್ತದೆ. ಅಂಗಾತ ಮಲಗಿದರೆ ಪರವಾಗಿಲ್ಲ, ಆದರೆ ಹಾಗೆ ನಿದ್ದೆ ಬರುವುದಿಲ್ಲ. ಇವತ್ತಿನ ಮಾತು ಈ ಒಂದು ನೋವಿನ ಬಗ್ಗೆ ಮಾತ್ರ. ಬೆನ್ನುನೋವು, ಮಂಡಿನೋವು, ಕೀಲು ಸವೆತ ಇವೆಲ್ಲ ಬೇರೆ ದಿನದ ವಿಷಯ. ಇದರ ಜೊತೆ ಗೊಂದಲವಾಗುವ ಕಡೆ ಮಾತ್ರ ಅವುಗಳನ್ನು ತರುತ್ತೇನೆ.

ಮೊದಲು ಜಾಗ ಗುರುತಿಸಿಕೊಳ್ಳೋಣ. ದಯವಿಟ್ಟು ಎದ್ದು ನಿಲ್ಲಿ. ಅಂಗೈಯನ್ನು ತೊಡೆಯ ಹೊರಮಗ್ಗುಲಿಗೆ, ಸೊಂಟದ ಮೂಳೆಯ ಅಂಚಿನಿಂದ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಕೆಳಗೆ, ಒತ್ತಿ ಹಿಡಿಯಿರಿ. ಈಗ ಹಿಮ್ಮಡಿ ನೆಲದ ಮೇಲೇ ಇರಲಿ, ಪಾದದ ಮುಂಭಾಗವನ್ನು ಒಳಕ್ಕೂ ಹೊರಕ್ಕೂ ತಿರುಗಿಸಿ. ಅಂಗೈ ಕೆಳಗೆ ಗಟ್ಟಿಯಾದ ಒಂದು ಗುಬ್ಬು ಹಿಂದೆ ಮುಂದೆ ಉರುಳುವುದು ತಿಳಿಯುತ್ತದೆ. ಅದು ತೊಡೆಮೂಳೆಯ ಮೇಲ್ತುದಿಯ ಹೊರಗುಬ್ಬು. ವೈದ್ಯರು ಅದನ್ನು ಗ್ರೇಟರ್ ಟ್ರೋಕ್ಯಾಂಟರ್ ಎನ್ನುತ್ತಾರೆ, ಕಡತದಲ್ಲಿ ಹಾಗೇ ಬರೆದಿರುತ್ತದೆ. ನಾವು ಹೊರಗುಬ್ಬು ಎಂದೇ ಕರೆಯೋಣ. ನೋವು ಇರುವುದು ಇದರ ಮೇಲೆ ಅಥವಾ ಇದರ ಸುತ್ತ ನಾಲ್ಕು ಬೆರಳಗಲದಲ್ಲಿ. ಕೆಲವರಿಗೆ ತೊಡೆಯ ಹೊರಬದಿಯಲ್ಲಿ ಮಂಡಿಯವರೆಗೂ ಇಳಿಯುತ್ತದೆ. ಡಾಕ್ಟರ ಬಳಿ ಹೋದಾಗ ಸುಮ್ಮನೆ ‘ಸೊಂಟ ನೋವು’ ಎನ್ನಬೇಡಿ, ಬೆನ್ನಿನ ಎಕ್ಸ್‌ರೇ ಚೀಟಿ ಕೈಗೆ ಬಂದೀತು. ಒಂದು ಬೆರಳಿಟ್ಟು ತೋರಿಸಿ.

ಈ ಗುಬ್ಬಿನ ಮೇಲೆ ಪದರ ಪದರವಾಗಿ ಏನೇನಿದೆ ಎಂಬುದು ಗೊತ್ತಾದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಎಲ್ಲಕ್ಕಿಂತ ಒಳಗೆ, ಮೂಳೆಗೇ ಅಂಟಿಕೊಂಡು, ಎರಡು ಟೆಂಡನ್‌ಗಳು ಬಂದು ಸೇರುತ್ತವೆ. ಟೆಂಡನ್ ಎಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಬಿಗಿಯಾದ ನಾರು. ಇಲ್ಲಿ ಬರುವುದು ಗ್ಲೂಟಿಯಸ್ ಮೀಡಿಯಸ್, ಗ್ಲೂಟಿಯಸ್ ಮಿನಿಮಸ್ ಎಂಬ ಎರಡು ಸ್ನಾಯುಗಳ ಟೆಂಡನ್. ನಡೆಯುವಾಗ ಒಂದು ಕಾಲು ನೆಲ ಬಿಟ್ಟ ಕ್ಷಣ ದೇಹ ಆ ಕಡೆಗೆ ವಾಲದಂತೆ, ನೆಲದ ಮೇಲಿರುವ ಕಾಲಿನ ಕಡೆಯಿಂದ ಸೊಂಟವನ್ನು ಮಟ್ಟವಾಗಿ ಹಿಡಿಯುವುದು ಇವುಗಳ ಕೆಲಸ. ಅಂದರೆ ಪ್ರತಿ ಹೆಜ್ಜೆಗೂ ಕೆಲಸ. ಎಲ್ಲಕ್ಕಿಂತ ಹೊರಗೆ, ಚರ್ಮ ಮತ್ತು ಕೊಬ್ಬಿನ ಕೆಳಗೆ, ಸೊಂಟದಿಂದ ಮಂಡಿಯ ಕೆಳಗಿನವರೆಗೆ ಉದ್ದಕ್ಕೆ ಇಳಿಯುವ ಅಗಲವಾದ ಪಟ್ಟಿ ಇದೆ, ಐಟಿ ಬ್ಯಾಂಡ್. ಈ ಹೊರಪಟ್ಟಿಗೂ ಒಳಗಿನ ಟೆಂಡನ್‌ಗೂ ನಡುವೆ ಬರ್ಸಾ. ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಒಂದು ಹನಿ ಎಣ್ಣೆ ಬಿಟ್ಟರೆ ಹೇಗೆ ಒಂದರ ಮೇಲೊಂದು ಜಾರುತ್ತವೋ, ಬರ್ಸಾ ಮಾಡುವುದು ಅಷ್ಟನ್ನೇ. ಆರೋಗ್ಯವಾಗಿರುವಾಗ ಅದು ತೆಳ್ಳಗಿನ ಚಪ್ಪಟೆ ಚೀಲ, ಒಳಗೆ ದ್ರವ ಇದೆಯೋ ಇಲ್ಲವೋ ಎನ್ನುವಷ್ಟು. ಹೊರಗುಬ್ಬಿನ ಸುತ್ತ ಇಂಥವು ಒಂದಲ್ಲ, ಹಲವು ಇವೆ. ದೊಡ್ಡದು ಹೊರಪಟ್ಟಿಯ ಅಡಿಯಲ್ಲಿರುವುದು.

ದಶಕಗಳ ಕಾಲ ಈ ಜಾಗದ ನೋವಿಗೆಲ್ಲ ವೈದ್ಯರು ಟ್ರೋಕ್ಯಾಂಟರಿಕ್ ಬರ್ಸೈಟಿಸ್ ಎಂದು ಬರೆದುಬಿಡುತ್ತಿದ್ದರು. ಚೀಲ ಊದಿದೆ, ಉರಿಯೂತ ಇದೆ, ಹಾಗಾಗಿ ಉರಿಯೂತ ತಗ್ಗಿಸುವ ಇಂಜೆಕ್ಷನ್ ಕೊಡೋಣ ಎಂಬ ಸರಳ ಲೆಕ್ಕ. ಎಂಆರ್‌ಐ, ಅಲ್ಟ್ರಾಸೌಂಡ್ ಬಂದು ಒಳಗೆ ಕಣ್ಣಿಟ್ಟು ನೋಡಿದಾಗ ಲೆಕ್ಕ ತಪ್ಪಿದೆ ಎಂದು ಗೊತ್ತಾಯಿತು. 2001ರಲ್ಲಿ ಆಸ್ಟ್ರೇಲಿಯಾದಲ್ಲಿ ಈ ನೋವಿದ್ದ 24 ಮಹಿಳೆಯರಿಗೆ ಎಂಆರ್‌ಐ ಮಾಡಿದರು. ಬಹುಪಾಲು ಮಂದಿಯಲ್ಲಿ ಗ್ಲೂಟಿಯಸ್ ಮೀಡಿಯಸ್ ಟೆಂಡನ್ ಕೆಟ್ಟಿತ್ತು ಅಥವಾ ಹರಿದಿತ್ತು. ಬರ್ಸಾ ಊದಿದ್ದದ್ದು ಇಬ್ಬರಲ್ಲಿ. 2013ರಲ್ಲಿ ಅಮೆರಿಕದಿಂದ ಬಂದ ಇನ್ನೊಂದು ವರದಿ 877 ಜನರ ಅಲ್ಟ್ರಾಸೌಂಡ್ ಚಿತ್ರಗಳನ್ನು ನೋಡಿತು. ಬರ್ಸಾದ ಊತ ಕಂಡದ್ದು ಸುಮಾರು ಐವರಲ್ಲಿ ಒಬ್ಬರಿಗೆ. ಟೆಂಡನ್ನಿನ ಕೆಡುಕು ಕಂಡದ್ದು ಸುಮಾರು ಅರ್ಧದಷ್ಟು ಜನರಲ್ಲಿ. ಹಾಗಾಗಿ ಈಗ ಇಡೀ ಗುಂಪಿಗೆ ಗ್ರೇಟರ್ ಟ್ರೋಕ್ಯಾಂಟರಿಕ್ ಪೇನ್ ಸಿಂಡ್ರೋಮ್ ಎಂಬ ಉದ್ದದ ಹೆಸರಿದೆ. ಬರ್ಸಾ ಊದುವುದೇ ಇಲ್ಲ ಎಂದಲ್ಲ. ಆದರೆ ಅದು ಒಂದೇ ಊದಿರುವುದು ಕಡಿಮೆ. ಸಾಮಾನ್ಯವಾಗಿ ಒಳಗಿನ ಟೆಂಡನ್ ಮೊದಲು ಬಳಲಿರುತ್ತದೆ, ಬರ್ಸಾ ಅದರ ಜೊತೆಗೆ ಕೆರಳಿರುತ್ತದೆ.

ಟೆಂಡನ್ ಏಕೆ ಕೆಡುತ್ತದೆ? ನಡೆದದ್ದು ಹೆಚ್ಚಾಯಿತು, ಭಾರ ಎತ್ತಿದೆವು ಎಂಬುದು ಅರ್ಧ ಉತ್ತರ. ಇನ್ನರ್ಧ ಅದುಮಿಕೆ. ತೊಡೆ ದೇಹದ ನಡುಗೆರೆಯ ಕಡೆಗೆ, ಅಂದರೆ ಇನ್ನೊಂದು ಕಾಲಿನ ಕಡೆಗೆ ಸರಿದಷ್ಟೂ ಹೊರಪಟ್ಟಿ ಬಿಗಿಯಾಗಿ, ಒಳಗಿನ ಟೆಂಡನ್ನನ್ನೂ ಬರ್ಸಾವನ್ನೂ ಮೂಳೆಯ ಗುಬ್ಬಿಗೆ ಒತ್ತುತ್ತದೆ. ಶವಗಳ ಮೇಲೆ ಇದನ್ನು ಅಳೆದು ನೋಡಿದ್ದಾರೆ. ಕಾಲು ನೇರವಾಗಿದ್ದಾಗ ಆ ಒತ್ತಡ 4 ನ್ಯೂಟನ್. ಕಾಲು ಬರೀ 10 ಡಿಗ್ರಿ ಒಳಕ್ಕೆ ಸರಿದರೆ 36. 40 ಡಿಗ್ರಿ ಸರಿದರೆ 106. ಮೊದಲ ಹತ್ತು ಡಿಗ್ರಿಗೇ ಒಂಬತ್ತು ಪಟ್ಟು ಏರುತ್ತದೆ. ಹತ್ತು ಡಿಗ್ರಿ ಎಂದರೆ ಕಣ್ಣಿಗೆ ಕಾಣುವುದೂ ಕಷ್ಟ. ಬಸ್ಸಿಗೆ ಕಾಯುತ್ತ ಒಂದೇ ಕಾಲಿಗೆ ಭಾರ ಬಿಟ್ಟು, ಸೊಂಟವನ್ನು ಪಕ್ಕಕ್ಕೆ ತಳ್ಳಿ ನಿಲ್ಲುತ್ತೇವಲ್ಲ, ಅಷ್ಟು ಸಾಕು.

ಈಗ ರಾತ್ರಿಗೆ ಬನ್ನಿ. ನೋಯುವ ಮಗ್ಗುಲಿಗೆ ಮಲಗಿದಾಗ ಹಾಸಿಗೆ ಹೊರಗಿನಿಂದ ಆ ಗುಬ್ಬನ್ನು ನೇರವಾಗಿ ಒತ್ತುತ್ತದೆ, ಇದು ಎಲ್ಲರಿಗೂ ಗೊತ್ತು. ಹೊರಳಿದಾಗ ಏನಾಗುತ್ತದೆ? ಈಗ ನೋಯುವ ಕಾಲು ಮೇಲಿದೆ. ನಿದ್ದೆ ಬಂದೊಡನೆ ಅದರ ಮಂಡಿ ಕೆಳಗಿನ ಕಾಲನ್ನು ದಾಟಿ ಮುಂದಕ್ಕೆ ಬಿದ್ದು ಹಾಸಿಗೆ ಮುಟ್ಟುತ್ತದೆ. ತೊಡೆ ನಡುಗೆರೆ ದಾಟಿತು, ಹೊರಪಟ್ಟಿ ಬಿಗಿಯಿತು, ಗಂಟೆಗಟ್ಟಲೆ ಟೆಂಡನ್ ಅದುಮಿಕೊಂಡೇ ಇತ್ತು. ಮೇಲಿನ ಮಗ್ಗುಲು ನೋಯುವ ಕಾರಣ ಇದು. ಬರೀ ಹೊರಗಿನ ಒತ್ತಡದಿಂದ ಬರುವ ನೋವಾಗಿದ್ದರೆ ಮೇಲಿದ್ದಾಗ ಅದು ಪೂರ್ತಿ ಬಿಡಬೇಕಿತ್ತು. ಎರಡೂ ಕಡೆ ಮಲಗಿದಾಗ ಒಂದೇ ಸೊಂಟ ನೋಯುತ್ತದೆ ಎಂಬ ದೂರು ಕೇಳಿದಾಗ ಮನಸ್ಸು ಟೆಂಡನ್ ಕಡೆಗೆ ವಾಲುವುದು ಅದಕ್ಕೇ.

ಹಾಗಾದರೆ ಬರ್ಸಾವೋ ಟೆಂಡನ್ನೋ ಎಂದು ಗುರುತಿಸುವುದು ಹೇಗೆ? ಒಬ್ಬರನ್ನು ಮುಂದಿಟ್ಟುಕೊಂಡು ನೋಡೋಣ. ಇವರು ನಿಜವಾದ ಯಾರೋ ಒಬ್ಬರಲ್ಲ. ಹೊರರೋಗಿ ವಿಭಾಗದಲ್ಲಿ ಮತ್ತೆ ಮತ್ತೆ ಕಾಣುವ ಚಿತ್ರವನ್ನು ಒಬ್ಬರಲ್ಲಿ ಕೂಡಿಸಿದ್ದೇನೆ. 52 ವರ್ಷದ ಶಿಕ್ಷಕಿ. ಮುಟ್ಟು ನಿಂತು ಎರಡು ವರ್ಷ. ಸಕ್ಕರೆ ಕಾಯಿಲೆ ಇದೆ, ಮಾತ್ರೆ ನಡೆದಿದೆ. ದಿನಕ್ಕೆ ಐದು ಪೀರಿಯಡ್ ನಿಂತೇ ಪಾಠ. ಶುಗರ್ ಇಳಿಸಲೆಂದು ನಾಲ್ಕು ತಿಂಗಳ ಹಿಂದೆ ಒಂದೇ ಸಲಕ್ಕೆ ದಿನಾ ಐದು ಕಿಲೋಮೀಟರ್ ನಡಿಗೆ ಶುರು ಮಾಡಿದರು, ದಾರಿಯಲ್ಲಿ ಒಂದು ಏರು. ಆರನೇ ವಾರಕ್ಕೆ ಬಲ ಹೊರಸೊಂಟದಲ್ಲಿ ನೋವು. ಈಗ ರಾತ್ರಿ ಮೂರು ನಾಲ್ಕು ಸಲ ಎಚ್ಚರ. ಕುರ್ಚಿಯಿಂದ ಎದ್ದ ಮೊದಲ ಏಳೆಂಟು ಹೆಜ್ಜೆ ಕುಂಟು, ಆಮೇಲೆ ಸರಾಗ. ಮೆಟ್ಟಿಲು ಹತ್ತುವಾಗ ಚುಚ್ಚು. ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು, ಕಾಲುಂಗುರ ಸರಿಮಾಡಿಕೊಳ್ಳಲು ತೊಂದರೆ ಇಲ್ಲ. ಎಕ್ಸ್‌ರೇ ಚೆನ್ನಾಗಿದೆ.

ಇದರಲ್ಲಿ ಪ್ರತಿಯೊಂದು ಮಾತಿಗೂ ಬೆಲೆ ಇದೆ. ಈ ನೋವು ಹೆಚ್ಚಾಗಿ 40ರಿಂದ 60ರ ನಡುವಿನ ಹೆಂಗಸರದು. ಓಡಾಟವನ್ನು ಏಕಾಏಕಿ ಹೆಚ್ಚಿಸಿದ ಮೇಲೆ ಕೆಲವು ವಾರಕ್ಕೆ ಮೆಲ್ಲಗೆ ಶುರುವಾಗುವುದು ಟೆಂಡನ್ನಿನ ಸ್ವಭಾವ. ಕೂತೆದ್ದಾಗ ಬಿಗಿತ, ನಾಲ್ಕು ಹೆಜ್ಜೆಗೆ ಸಡಿಲ, ಇದೂ ಟೆಂಡನ್ನಿನದೇ. ಚಪ್ಪಲಿ, ಸಾಕ್ಸು ಹಾಕಿಕೊಳ್ಳುವ ಪ್ರಶ್ನೆ ಕೇಳುವುದು ಕೀಲು ಸವೆತ ಇಲ್ಲವೆಂದು ತಿಳಿಯಲು. ಸೊಂಟದ ಕೀಲೇ ಸವೆದಿದ್ದರೆ ನೋವು ಸಾಮಾನ್ಯವಾಗಿ ತೊಡೆಸಂದಿಯಲ್ಲಿರುತ್ತದೆ, ಕಾಲನ್ನು ಒಳಕ್ಕೆ ತಿರುಗಿಸಲಾಗುವುದಿಲ್ಲ, ಪಾದ ಮುಟ್ಟಲು ಬಗ್ಗುವುದೇ ಕಷ್ಟವಾಗುತ್ತದೆ.

ಮುಂದಿನದು ಎರಡು ಸರಳ ಪರೀಕ್ಷೆ. ಒಂದು, ಹೊರಗುಬ್ಬಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡುವುದು. ಅಲ್ಲಿ ನೋವೇ ಇಲ್ಲ ಎಂದಾದರೆ ಟೆಂಡನ್ನಿನ ತೊಂದರೆ ಇರುವ ಸಂಭವ ತುಂಬ ಕಡಿಮೆ. ಬೆನ್ನಿನ ಕಡೆ ಹುಡುಕಬೇಕು. ಆದರೆ ಒತ್ತಿದಾಗ ನೋವಿದೆ ಎಂಬುದೊಂದೇ ಸಾಲದು. ಅಲ್ಲಿ ಗಟ್ಟಿಯಾಗಿ ಒತ್ತಿದರೆ ಆರೋಗ್ಯವಂತರಿಗೂ ನೋಯುತ್ತದೆ. ಎರಡನೆಯದು ಒಂಟಿಕಾಲಿನ ಪರೀಕ್ಷೆ. ನೋಯುವ ಕಾಲಿನ ಮೇಲೆ ನಿಲ್ಲಿ, ತೂಕ ಕೊಡದೆ ಆಸರೆಗೆ ಒಂದು ಬೆರಳು ಗೋಡೆಗೆ ತಾಗಿರಲಿ, ಇನ್ನೊಂದು ಕಾಲಿನ ಮಂಡಿ ಮಡಚಿ ಪಾದ ಮೇಲೆತ್ತಿ 30 ಸೆಕೆಂಡ್ ತಡೆಯಿರಿ. ಅದೇ ಹೊರಸೊಂಟದಲ್ಲಿ, ಅದೇ ಪರಿಚಿತ ನೋವು ಈ ಅರ್ಧ ನಿಮಿಷದೊಳಗೆ ಬಂದರೆ ಟೆಂಡನ್ ಎನ್ನಲು ಬಲವಾದ ಆಧಾರ ಸಿಕ್ಕಿತು, ಯಾಕೆಂದರೆ ನೀವು ಅದಕ್ಕೆ ಅದರದೇ ಕೆಲಸ ಕೊಟ್ಟಿದ್ದೀರಿ. ನಮ್ಮ ಶಿಕ್ಷಕಿಗೆ ಹದಿನೈದನೇ ಸೆಕೆಂಡಿಗೆ ಬಂತು ಎಂದುಕೊಳ್ಳಿ. ಎತ್ತಿದ ಕಾಲಿನ ಕಡೆ ಸೊಂಟ ಕುಸಿಯುತ್ತಿದೆಯೇ ಎಂದೂ ಎದುರಿಗೆ ನಿಂತವರು ನೋಡಬೇಕು. ಕುಸಿತ ಸ್ಪಷ್ಟವಾಗಿದ್ದು ನಡಿಗೆಯೇ ಓಲಾಡುತ್ತಿದ್ದರೆ ಟೆಂಡನ್ ಹರಿದಿರುವ ಅನುಮಾನ ಬರುತ್ತದೆ.

ನಿಜವಾಗಿ ಬರ್ಸಾವೇ ಮುಖ್ಯವಾಗಿರುವವರ ಚಿತ್ರ ಬೇರೆ. ಸ್ಕೂಟರಿನಿಂದ ಮಗ್ಗುಲಾಗಿ ಬಿದ್ದರು, ಬಚ್ಚಲಲ್ಲಿ ಜಾರಿ ಗುಬ್ಬಿನ ಮೇಲೇ ಬಿದ್ದರು, ಮರುದಿನದಿಂದ ಅಲ್ಲಿ ಊತ, ಬಿಸಿ, ಬಟ್ಟೆ ತಾಗಿದರೂ ನೋವು. ಅಥವಾ ರುಮಟಾಯ್ಡ್ ಸಂಧಿವಾತದಂಥ ಕಾಯಿಲೆ ಮೊದಲೇ ಇದೆ, ಬೇರೆ ಕೀಲುಗಳೂ ಊದಿವೆ. ಇಂಥವರಿಗೆ ನೋವು ಭಂಗಿಯನ್ನು ಅಷ್ಟಾಗಿ ಕೇಳುವುದಿಲ್ಲ. ಕೂತರೂ ಮಲಗಿದರೂ ಮಿಡಿಯುತ್ತಿರುತ್ತದೆ. ಒಂಟಿಕಾಲಿನಲ್ಲಿ ನಿಂತಾಗ ಬರುವ ನೋವಿಗಿಂತ ಬೆರಳು ಮುಟ್ಟಿದಾಗ ಬರುವ ನೋವೇ ಜೋರು. ಇಷ್ಟಾದರೂ ಗೆರೆ ಎಳೆದಂತೆ ಬೇರ್ಪಡಿಸಲು ಕೈಪರೀಕ್ಷೆಯಿಂದ ಆಗುವುದಿಲ್ಲ, ಅಲ್ಟ್ರಾಸೌಂಡ್ ಬೇಕು. ಆದರೆ ನನ್ನ ಅಭಿಪ್ರಾಯದಲ್ಲಿ ಹೆಚ್ಚಿನವರಿಗೆ ಆ ಬೇರ್ಪಡಿಕೆಯ ಅಗತ್ಯ ಮೊದಲ ದಿನವೇ ಇಲ್ಲ. ಎರಡನ್ನೂ ಕೆರಳಿಸುವುದು ಅದೇ ಅದುಮಿಕೆ, ಆದ್ದರಿಂದ ಮೊದಲ ಹೆಜ್ಜೆ ಎರಡಕ್ಕೂ ಒಂದೇ.

ಕೆಲವರು ಮಾತ್ರ ಈ ಸಾಲಿನಲ್ಲಿ ನಿಲ್ಲಬಾರದು. ಜ್ವರದೊಡನೆ ಆ ಜಾಗ ಕೆಂಪಗೆ ಬಿಸಿಯಾಗಿದ್ದರೆ ಅಥವಾ ಅಲ್ಲಿ ಗಡ್ಡೆಯಂತೆ ಊದಿ ಬೆಳೆಯುತ್ತಿದ್ದರೆ ಸೋಂಕು ಇರಬಹುದು. ಅಪರೂಪಕ್ಕೆ ಕ್ಷಯ ಕೂಡ ಈ ಬರ್ಸಾಕ್ಕೆ ಬರುತ್ತದೆ. ವಯಸ್ಸಾದವರು ಬಿದ್ದ ಮೇಲೆ ಕಾಲೂರಲು ಆಗದಿದ್ದರೆ ಅದು ಮೂಳೆ ಮುರಿತ ಎಂದುಕೊಂಡೇ ಹೊರಡಿ. ಮೂಳೆ ಸವಕಳಿಗೆ ವರ್ಷಗಟ್ಟಲೆ ಅಲೆಂಡ್ರೊನೇಟ್‌ನಂಥ ಮಾತ್ರೆ ತೆಗೆದುಕೊಂಡವರಿಗೆ ತೊಡೆಯಲ್ಲಿ ಹೊಸ ನೋವು ಬಂದರೆ ಎಕ್ಸ್‌ರೇ ತಡ ಮಾಡಬಾರದು. ಹೇಗೆ ಮಲಗಿದರೂ ಒಂದೇ ಸಮನೆ ರಾತ್ರಿ ನೋವು, ತೂಕ ಇಳಿಕೆ, ಹಿಂದೆ ಕ್ಯಾನ್ಸರ್ ಆಗಿದ್ದ ಚರಿತ್ರೆ, ಇವೂ ಹಾಗೇ. ನೋವು ಮಂಡಿ ದಾಟಿ ಪಾದಕ್ಕೆ ಇಳಿದು ಜೋಮು ಹಿಡಿಯುತ್ತಿದ್ದರೆ ನರದ ಕಡೆ ನೋಡಬೇಕು. ಎರಡೂ ಸೊಂಟ, ಎರಡೂ ಭುಜ ಬೆಳಿಗ್ಗೆ ಮುಕ್ಕಾಲು ಗಂಟೆ ಬಿಗಿಯುತ್ತವೆ, ವಯಸ್ಸು ಐವತ್ತು ದಾಟಿದೆ ಎಂದರೆ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆ ಆಗಬೇಕು.

ನಮ್ಮ ಶಿಕ್ಷಕಿಗೆ ಇವ್ಯಾವುವೂ ಇಲ್ಲ. ಅವರಿಗೆ ಮೊದಲು ಬೇಕಾದದ್ದು ನಿದ್ದೆ. ಮೊದಲ ಆಯ್ಕೆ ಅಂಗಾತ ಮಲಗುವುದು, ಮಂಡಿಯ ಅಡಿಯಲ್ಲಿ ಒಂದು ದಪ್ಪ ದಿಂಬು ಕೊಟ್ಟು, ಕಾಲುಗಳ ನಡುವೆ ಒಂದು ಅಡಿ ಅಂತರ ಬಿಟ್ಟು. ಹಾಗೆ ನಿದ್ದೆ ಬಾರದವರು ನೋವಿಲ್ಲದ ಮಗ್ಗುಲಿಗೆ ಮಲಗಿ ಕಾಲುಗಳ ನಡುವೆ ದಿಂಬು ಇಡಬೇಕು. ಇಲ್ಲಿ ಸಾಮಾನ್ಯವಾಗಿ ತಪ್ಪುವುದು ಎರಡು ಕಡೆ. ದಿಂಬು ಮಂಡಿಯ ನಡುವೆ ಮಾತ್ರ ಇದ್ದು ಪಾದ ಕೆಳಗೆ ಜೋತುಬೀಳುತ್ತದೆ. ಆಗ ತೊಡೆ ತಿರುಚುತ್ತದೆ. ದಿಂಬು ಮಂಡಿಯಿಂದ ಹರಡಿನವರೆಗೆ ಉದ್ದಕ್ಕೆ ಇರಬೇಕು. ಎರಡನೆಯದು ದಪ್ಪ. ಹಳೆಯ ಹತ್ತಿ ದಿಂಬು ರಾತ್ರಿ ಎರಡು ಗಂಟೆಗೆ ಚಪ್ಪಟೆಯಾಗಿರುತ್ತದೆ. ಮೇಲಿನ ಮಂಡಿ ಅದೇ ಕಡೆಯ ಸೊಂಟದ ಮಟ್ಟಕ್ಕೇ ಇರಬೇಕು ಎಂಬುದು ಅಳತೆ. ಹೆಚ್ಚಿನವರಿಗೆ ಅದಕ್ಕೆ ಎರಡು ದಿಂಬು ಒಂದರ ಮೇಲೊಂದು ಬೇಕಾಗುತ್ತದೆ. ಮನೆಯವರು ಯಾರಾದರೂ ಹಿಂದೆ ನಿಂತು ನೋಡಿದರೆ ತೊಡೆ ಕೆಳಕ್ಕೆ ಇಳಿದಿದೆಯೋ ಇಲ್ಲವೋ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ದಿಂಬು ಜಾರಿಹೋಗುತ್ತದೆ ಎಂದರೆ ಹಳೆಯ ದುಪಟ್ಟಾದಿಂದ ಕೆಳಗಿನ ತೊಡೆಗೆ ಸಡಿಲವಾಗಿ ಕಟ್ಟಿಕೊಳ್ಳಿ. ನೋಯುವ ಮಗ್ಗುಲಿಗೆ ಮಲಗುವುದನ್ನು ಆರೆಂಟು ವಾರ ಬಿಟ್ಟೇಬಿಡಬೇಕು.

ಹಗಲಿನ ಪಾಠವೂ ಅದುಮಿಕೆಯದ್ದೇ. ತರಗತಿಯಲ್ಲಿ ಎರಡೂ ಕಾಲಿಗೆ ಸಮನಾಗಿ ತೂಕ ಕೊಟ್ಟು ನಿಲ್ಲುವುದು. ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕದಿರುವುದು. ನೆಲದ ಮೇಲೆ ಎರಡೂ ಕಾಲನ್ನು ಒಂದೇ ಮಗ್ಗುಲಿಗೆ ಮಡಚಿ ಕೂರುವ ರೂಢಿಯನ್ನು ಸದ್ಯಕ್ಕೆ ನಿಲ್ಲಿಸುವುದು. ಚಕ್ಕಳಮಕ್ಕಳ ಕೆಲವರಿಗೆ ಏನೂ ಮಾಡುವುದಿಲ್ಲ, ಕೆಲವರಿಗೆ ನೋಯಿಸುತ್ತದೆ. ನೋಯಿಸಿದರೆ ಎತ್ತರದ ಮಣೆ ಹಾಕಿಕೊಳ್ಳಿ. ಮೊಮ್ಮಗುವನ್ನು ಕಂಕುಳಲ್ಲಿ ಎತ್ತಿಕೊಳ್ಳುವಾಗ ಸೊಂಟ ಪಕ್ಕಕ್ಕೆ ಹೊರಳುತ್ತದೆ, ಹಾಗಾಗಿ ಎದೆಗೆ ಒರಗಿಸಿ ಎತ್ತಿಕೊಳ್ಳಿ. ನಡಿಗೆಯನ್ನು ನಿಲ್ಲಿಸಬೇಡಿ, ಅವರ ಶುಗರ್‌ಗೆ ಅದು ಬೇಕು. ಐದು ಕಿಲೋಮೀಟರಿನ ಬದಲು ಬೆಳಿಗ್ಗೆ ಒಂದೂವರೆ, ಸಂಜೆ ಒಂದೂವರೆ, ಸಪಾಟು ರಸ್ತೆಯಲ್ಲಿ.

ಶಿಕ್ಷಕಿ ಇನ್ನೊಂದು ಮಾಡುತ್ತಿದ್ದರು, ಇದೇ ಮುಖ್ಯ. ಫೋನಿನಲ್ಲಿ ನೋಡಿ ದಿನಾ ಬೆಳಿಗ್ಗೆ ಬಲ ಮಂಡಿಯನ್ನು ಎಡ ಭುಜದ ಕಡೆಗೆ ಎಳೆದು ಹಿಡಿಯುವ ಸ್ಟ್ರೆಚ್. ಎಳೆದಾಗ ಹಾಯೆನಿಸುತ್ತದೆ ಎನ್ನುತ್ತಾರೆ. ಆದರೆ ತೊಡೆಯನ್ನು ನಡುಗೆರೆ ದಾಟಿಸಿ ಗುಬ್ಬಿಗೆ ಟೆಂಡನ್ನನ್ನು ಅದುಮುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಅಲ್ಲಿ ಅನಿಸುವ ಬಿಗಿತ ಸ್ನಾಯು ಗಿಡ್ಡವಾದದ್ದರಿಂದ ಅಲ್ಲ, ಬಳಲಿದ ಟೆಂಡನ್ನಿನಿಂದ. ಇದನ್ನು ಬಿಟ್ಟ ಒಂದೆರಡು ವಾರಕ್ಕೇ ರಾತ್ರಿಯ ನೋವು ಇಳಿಯುವವರು ಇದ್ದಾರೆ. ನೋವಿನ ಜಾಗಕ್ಕೇ ಗಟ್ಟಿಯಾದ ರೋಲರ್ ಉರುಳಿಸುವುದೂ ಬೇಡ.

ಟೆಂಡನ್ ಗಟ್ಟಿಯಾಗಲು ವಿಶ್ರಾಂತಿ ಸಾಲದು, ಅದಕ್ಕೆ ಅಳತೆಯ ಭಾರ ಬೇಕು. ಮೊದಲ ಎರಡು ವಾರ ಹೀಗೆ: ಅಂಗಾತ ಮಲಗಿ, ಮಂಡಿಯ ಅಡಿ ದಿಂಬು, ಪಾದಗಳು ಸೊಂಟದಷ್ಟು ಅಗಲಕ್ಕೆ. ಮಂಡಿಯ ಸ್ವಲ್ಪ ಮೇಲೆ ಎರಡೂ ತೊಡೆ ಸುತ್ತಿ ಒಂದು ಬೆಲ್ಟ್ ಕಟ್ಟಿ, ತೊಡೆಗಳನ್ನು ಹೊರಕ್ಕೆ ಮೆಲ್ಲಗೆ ತಳ್ಳಿ. ಕಾಲು ಅಲುಗಬಾರದು, ಬೆಲ್ಟ್ ಬಿಗಿಯಬೇಕು ಅಷ್ಟೆ. ಪೂರ್ತಿ ಬಲದ ಕಾಲುಭಾಗ ಸಾಕು. ಹತ್ತು ಎಣಿಸಿ, ಬಿಡಿ. ಐದಾರು ಸಲ, ದಿನಕ್ಕೆ ಎರಡು ಹೊತ್ತು. ಮಲಗುವ ಮುಂಚೆ ಒಂದು ಹೊತ್ತು ಮಾಡಿದರೆ ಕೆಲವರಿಗೆ ನಿದ್ದೆಗೂ ಅನುಕೂಲ. ಮೂರನೇ ವಾರದಿಂದ ಮಂಡಿ ಮಡಚಿ ಸೊಂಟ ಎತ್ತುವುದು, ಎಂಟು ಹತ್ತು ಸಲ, ಎರಡು ಸುತ್ತು. ಮತ್ತು ಎತ್ತರದ ಕುರ್ಚಿಯಿಂದ ಕೈಯೂರದೆ ನಿಧಾನಕ್ಕೆ ಎದ್ದು ಕೂರುವುದು, ಹತ್ತು ಸಲ. ಇದು ಸುಲಭವಾದ ಮೇಲೆ ತೂಕವನ್ನು ಸ್ವಲ್ಪ ಸ್ವಲ್ಪವೇ ಬಲಗಾಲಿಗೆ ಸರಿಸುತ್ತ, ಐದಾರನೇ ವಾರಕ್ಕೆ ಸುಮಾರು 15 ಸೆಂಟಿಮೀಟರ್ ಎತ್ತರದ ಒಂದೇ ಮೆಟ್ಟಿಲು ಹತ್ತಿ ಇಳಿಯುವುದು, ಗೋಡೆಯ ಪಕ್ಕ ಅಡ್ಡಡ್ಡ ಹೆಜ್ಜೆ ಹಾಕುವುದು. ಭಾರದ ಈ ವ್ಯಾಯಾಮಗಳು ವಾರಕ್ಕೆ ಮೂರು ದಿನ ಸಾಕು.

ಅಳತೆ ಮೀರಿದೆಯೇ ಎಂದು ತಿಳಿಯುವುದು ಅದೇ ರಾತ್ರಿ. ವ್ಯಾಯಾಮದ ಹೊತ್ತಿನಲ್ಲಿ ಹತ್ತಕ್ಕೆ ಮೂರು ನಾಲ್ಕರಷ್ಟು ನೋವು ಇದ್ದರೆ ಪರವಾಗಿಲ್ಲ. ಆ ರಾತ್ರಿ ಎಚ್ಚರ ಹೆಚ್ಚಾದರೆ ಅಥವಾ ಮರುದಿನ ಬೆಳಗಿನ ಮೊದಲ ಹೆಜ್ಜೆ ಹಿಂದಿಗಿಂತ ಕಷ್ಟವಾದರೆ ಭಾರ ಹೆಚ್ಚಾಯಿತು. ವ್ಯಾಯಾಮ ಬಿಡಬೇಡಿ, ಹಿಂದಿನ ವಾರದ ಮಟ್ಟಕ್ಕೆ ಇಳಿಯಿರಿ. ಮಗ್ಗುಲಾಗಿ ಮಲಗಿ ಮೇಲಿನ ಕಾಲೆತ್ತುವ ವ್ಯಾಯಾಮವನ್ನು ಮೊದಲ ದಿನವೇ ಹೇಳಿಕೊಡುವವರಿದ್ದಾರೆ. ಕಾಲು ಇಳಿಸುವಾಗ ನಡುಗೆರೆ ದಾಟುತ್ತದೆ, ಕೆಳಗಿನ ಸೊಂಟವೂ ನೆಲಕ್ಕೆ ಒತ್ತುತ್ತದೆ. ಅದನ್ನು ಕೊನೆಗಿಡುವುದು ಒಳ್ಳೆಯದು.

ಇಷ್ಟೆಲ್ಲ ಯಾಕೆ, ಒಂದು ಇಂಜೆಕ್ಷನ್ ಹಾಕಿಸಿದರೆ ಆಗದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನ ಇದನ್ನೇ ಕೇಳಿತು. ಈ ಟೆಂಡನ್ ನೋವಿದ್ದ 204 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ಮೇಲೆ ಹೇಳಿದಂಥ ತಿಳಿವಳಿಕೆ ಮತ್ತು ವ್ಯಾಯಾಮ, ಇನ್ನೊಂದಕ್ಕೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್, ಮೂರನೆಯದಕ್ಕೆ ಕಾದು ನೋಡುವುದು. ಎಂಟು ವಾರಕ್ಕೆ ಚೆನ್ನಾಗಿ ಸುಧಾರಿಸಿದೆ ಎಂದವರು ಮೊದಲ ಗುಂಪಿನಲ್ಲಿ ನೂರಕ್ಕೆ 77, ಇಂಜೆಕ್ಷನ್ನಿನಲ್ಲಿ 58, ಕಾದವರಲ್ಲಿ 29. ವರ್ಷದ ಕೊನೆಗೆ ಸುಮಾರು 79, 58, 52. ಇಂಜೆಕ್ಷನ್ ಕೆಲಸ ಮಾಡುವುದಿಲ್ಲ ಎಂದು ಯಾರೂ ಹೇಳುತ್ತಿಲ್ಲ. ಆದರೆ ವರ್ಷದ ಹೊತ್ತಿಗೆ ಅದು ಸುಮ್ಮನೆ ಕಾದವರಿಗಿಂತ ಹೆಚ್ಚು ಮುಂದಿರಲಿಲ್ಲ. ಬರ್ಸಾ ಊದಿ ಮಿಡಿಯುತ್ತಿದ್ದರೆ, ಅಥವಾ ನಿದ್ದೆಯೇ ಇಲ್ಲದೆ ವ್ಯಾಯಾಮ ಶುರು ಮಾಡಲೂ ಆಗದಿದ್ದರೆ, ಒಂದು ಇಂಜೆಕ್ಷನ್ನಿಗೆ ಜಾಗವಿದೆ. ಸಕ್ಕರೆ ಕಾಯಿಲೆ ಇರುವವರು ಮೊದಲೇ ಹೇಳಬೇಕು, ಆಮೇಲೆ ಕೆಲವು ದಿನ ಶುಗರ್ ಏರುತ್ತದೆ, ಅಳೆಯುತ್ತಿರಬೇಕು. ಇಂಜೆಕ್ಷನ್ನಿನಿಂದ ನೋವು ಹೋಯಿತೆಂದು ಮರುವಾರವೇ ಐದು ಕಿಲೋಮೀಟರ್ ನಡೆಯುವುದು, ನೋವು ಬಂತೆಂದು ಮತ್ತೆ ಚುಚ್ಚಿಸಿಕೊಳ್ಳುವುದು, ಈ ಸರಪಳಿಯೇ ಅಪಾಯ. ಸ್ಟೀರಾಯ್ಡ್ ಮೇಲಿಂದ ಮೇಲೆ ಬಿದ್ದರೆ ಟೆಂಡನ್ ಇನ್ನಷ್ಟು ದುರ್ಬಲವಾಗುತ್ತದೆ.

ಸಭಿಕರ ಪ್ರಶ್ನೆಗಳು

‘ಡಾಕ್ಟ್ರೇ, ನಮ್ಮ ಅಮ್ಮ ಚಾಪೆ ಮೇಲೇ ಮಲಗೋದು. ಮಂಚಕ್ಕೆ ಬನ್ನಿ ಅಂದರೆ ಒಪ್ಪಲ್ಲ. ಅದರಿಂದಲೇ ಬಂತಾ?’

ಚಾಪೆಯೊಂದೇ ಕಾರಣ ಎನ್ನಲಾಗದು. ಆದರೆ ಗಟ್ಟಿ ನೆಲ ಗುಬ್ಬನ್ನು ನೇರವಾಗಿ ಒತ್ತುತ್ತದೆ, ತೆಳ್ಳಗಿರುವವರಿಗೆ ಇನ್ನೂ ಹೆಚ್ಚು. ಮಂಚ ಬೇಡವೆಂದರೆ ಚಾಪೆಯ ಮೇಲೆ ಎರಡು ಕೌದಿಯನ್ನು ಮಡಚಿ ಹಾಸಿ, ಅಥವಾ ಎರಡು ಇಂಚಿನ ಮೆತ್ತನೆಯ ಫೋಮ್ ಹಾಕಿ. ತೀರ ಕುಸಿಯುವ ಹಾಸಿಗೆಯೂ ಒಳ್ಳೆಯದಲ್ಲ. ಸೊಂಟ ಗುಂಡಿಗೆ ಇಳಿದು ಮೇಲಿನ ತೊಡೆ ಒಳಕ್ಕೆ ಬೀಳುತ್ತದೆ.

‘ಬಿಸಿ ಶಾಖ ಕೊಡಬೇಕೋ, ಐಸ್ ಇಡಬೇಕೋ? ನೋವಿನ ಮುಲಾಮು?’

ಬಿದ್ದು ಊದಿದ ಮೊದಲೆರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್, ಹತ್ತು ಹದಿನೈದು ನಿಮಿಷ. ಹಳೆಯ ಟೆಂಡನ್ ನೋವಿಗೆ ಶಾಖ ಹಿತವೆನಿಸಿದರೆ ಕೊಟ್ಟುಕೊಳ್ಳಿ, ಟೆಂಡನ್ ಮಾತ್ರ ಅದರಿಂದ ಬದಲಾಗುವುದಿಲ್ಲ. ಇಲ್ಲಿ ಟೆಂಡನ್ ಆಳದಲ್ಲಿದೆ, ಮುಲಾಮು ಅಲ್ಲಿಯವರೆಗೆ ಹೆಚ್ಚು ಇಳಿಯಲಾರದು. ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನೀವೇ ಅಂಗಡಿಯಿಂದ ತಂದು ನುಂಗುವುದು ಕಿಡ್ನಿಗೂ ಹೊಟ್ಟೆಗೂ ಕೆಡುಕು, ಬಿಪಿ, ಶುಗರ್ ಇರುವವರಿಗೆ ಇನ್ನೂ ಹೆಚ್ಚು.

‘ಎಂಆರ್‌ಐ ಮಾಡಿಸಿದ್ದೇನೆ, ಟೆಂಡನ್ ಸ್ವಲ್ಪ ಹರಿದಿದೆ ಅಂತ ಬರೆದಿದ್ದಾರೆ. ಆಪರೇಷನ್ ಬೇಕಾ?’

ನೋವೇ ಇಲ್ಲದ ವಯಸ್ಕರ ಎಂಆರ್‌ಐಯಲ್ಲೂ ಇಂಥ ಬದಲಾವಣೆ ಕಾಣುವುದುಂಟು. ಆದ್ದರಿಂದ ವರದಿಗಿಂತ ನಡಿಗೆಯನ್ನು ನೋಡಬೇಕು. ಒಂಟಿಕಾಲಿನಲ್ಲಿ ಸೊಂಟ ಮಟ್ಟವಾಗಿ ನಿಲ್ಲುತ್ತಿದ್ದರೆ ಭಾಗಶಃ ಹರಿತಕ್ಕೂ ಮೊದಲ ಚಿಕಿತ್ಸೆ ವ್ಯಾಯಾಮವೇ. ಪೂರ್ತಿ ಹರಿದು, ಓಲಾಡುತ್ತ ನಡೆಯುತ್ತಿದ್ದು, ತಿಂಗಳುಗಟ್ಟಲೆ ಸರಿಯಾಗಿ ಮಾಡಿದ ವ್ಯಾಯಾಮಕ್ಕೂ ಬಗ್ಗದಿದ್ದರೆ ಹೊಲಿದು ಜೋಡಿಸುವ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

‘ನಾನು ದಿನಾ ಯೋಗ ಮಾಡ್ತೀನಿ. ಪೂರ್ತಿ ನಿಲ್ಲಿಸಬೇಕಾ?’

ಪೂರ್ತಿ ಬೇಡ, ಆಯ್ದುಕೊಳ್ಳಿ. ತೊಡೆ ಮೇಲೆ ತೊಡೆ ಹೆಣೆಯುವ ಗೋಮುಖಾಸನ, ಗರುಡಾಸನ, ಮಂಡಿಯನ್ನು ಇನ್ನೊಂದು ಬದಿಗೆ ಒತ್ತುವ ಅರ್ಧಮತ್ಸ್ಯೇಂದ್ರಾಸನ, ಇವನ್ನು ನೋವಿರುವವರೆಗೆ ಬಿಡಿ. ಸೇತುಬಂಧಾಸನ ನಾನು ಹೇಳಿದ ಸೊಂಟ ಎತ್ತುವ ವ್ಯಾಯಾಮವೇ, ಧಾರಾಳವಾಗಿ ಮಾಡಿ. ವೃಕ್ಷಾಸನ ಒಂಟಿಕಾಲಿನ ಪರೀಕ್ಷೆಯ ಹಾಗೆಯೇ ಇದೆ, ಆದ್ದರಿಂದ ಮೊದಲ ತಿಂಗಳು ಬೇಡ. ಗೋಡೆಗೆ ಬೆರಳು ತಾಗಿಸಿ 30 ಸೆಕೆಂಡ್ ನೋವಿಲ್ಲದೆ ನಿಲ್ಲಲು ಬಂದ ಮೇಲೆ ಶುರು ಮಾಡಿ, ನಿಂತ ಕಾಲಿನ ಕಡೆಗೆ ಸೊಂಟ ಹೊರಕ್ಕೆ ಉಬ್ಬದಂತೆ ಕನ್ನಡಿ ಮುಂದೆ ನೋಡಿಕೊಳ್ಳಿ.